ಪಾಲುದಾರ ತೀರಿಕೊಂಡಾಗ ಮನೆಯವರಿಗೆ ಸಲ್ಲಬೇಕಾದ ಹಣ: ತಿಪಟೂರಿನ ಕೊಬ್ಬರಿ ಅಂಗಡಿಯ ಒಂದು ಲೆಕ್ಕದೊಂದಿಗೆ ಸಮಗ್ರ ಮಾರ್ಗದರ್ಶಿ

ತುಮಕೂರು ಜಿಲ್ಲೆಯ ಮಂಡಿಗಳಿಗೆ ಲೆಕ್ಕ ಬರೆಯುವ ಕೆಲಸ ನನ್ನದು. ಪಾಲುದಾರರೊಬ್ಬರು ತೀರಿಕೊಂಡ ಮೇಲೆ ಮನೆಯವರು ಹಿಡಿದುಕೊಂಡು ಬರುವ ಕಾಗದ ಹೆಚ್ಚಾಗಿ ಒಂದೇ, ಕಳೆದ ಮಾರ್ಚ್ 31ರ ಬ್ಯಾಲೆನ್ಸ್ ಶೀಟು. ಅದರಲ್ಲಿ ತೀರಿಕೊಂಡವರ ಹೆಸರಿನ ಎದುರು ಬಂಡವಾಳ 12 ಲಕ್ಷ ಎಂದಿದ್ದರೆ ತಮಗೆ ಬರಬೇಕಾದದ್ದು ಅಷ್ಟೇ ಎಂದು ಅವರು ನಂಬಿರುತ್ತಾರೆ. ಉಳಿದ ಪಾಲುದಾರರೂ ಮೋಸದ ಮನಸ್ಸಿಲ್ಲದೆಯೇ ಹಾಗೆ ನಂಬಿರುತ್ತಾರೆ. ಹನ್ನೆರಡು ಲಕ್ಷದ ಚೆಕ್ಕು ಕೊಟ್ಟು, ರಸೀದಿಗೆ ಸಹಿ ಹಾಕಿಸಿಕೊಂಡು, ವ್ಯವಹಾರ ಮುಗಿಯಿತು ಅಂದುಕೊಳ್ಳುತ್ತಾರೆ. ಆ ಸಂಖ್ಯೆ ಯಾಕೆ ತಪ್ಪು, ಸರಿಯಾದದ್ದನ್ನು ಹೇಗೆ ಕಂಡುಹಿಡಿಯಬೇಕು, ಆ ಹಣ ಯಾರ ಕೈಗೆ, ಯಾವ ರೀತಿಯಲ್ಲಿ ಹೋಗಬೇಕು ಎಂಬುದನ್ನು ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ನಾನೇ ಇಟ್ಟಿದ್ದೇನೆ. ವ್ಯವಹಾರದ ರೀತಿ ಮಾತ್ರ ಇಲ್ಲಿ ದಿನವೂ ಕಾಣುವಂಥದ್ದೇ.

ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ಉಂಡೆ ಕೊಬ್ಬರಿ ಕೊಂಡು ಉತ್ತರ ಭಾರತಕ್ಕೆ ಕಳಿಸುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಮೂವರು ಪಾಲುದಾರರು. ದೊಡ್ಡವರಿಗೆ ಲಾಭದಲ್ಲಿ ಶೇ. 50, ನಡುವಿನವರಿಗೆ ಶೇ. 30, ಚಿಕ್ಕವರಿಗೆ ಶೇ. 20. ಮಾರ್ಚ್ 31ಕ್ಕೆ ಬಂಡವಾಳ ಕ್ರಮವಾಗಿ 20 ಲಕ್ಷ, 12 ಲಕ್ಷ, 8 ಲಕ್ಷ. ಸೆಪ್ಟೆಂಬರ್ 30ರಂದು ನಡುವಿನವರು ಹೃದಯಾಘಾತದಿಂದ ತೀರಿಕೊಂಡರು. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಮದುವೆಯಾಗಿ ತುರುವೇಕೆರೆಯಲ್ಲಿರುವ ಮಗಳು, ಪಿಯುಸಿ ಓದುತ್ತಿರುವ ಹದಿನಾರು ವರ್ಷದ ಮಗ.

ಮೊದಲ ಹೆಜ್ಜೆ: ಅಂಗಡಿ ಉಳಿದಿದೆಯೋ ಇಲ್ಲವೋ

ಲೆಕ್ಕಕ್ಕೆ ಕೂರುವ ಮೊದಲು ಪಾಲುದಾರಿಕೆ ಪತ್ರವನ್ನು ಹೊರಗೆ ತೆಗೆಯಿರಿ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 42ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ, ಒಬ್ಬ ಪಾಲುದಾರ ಸತ್ತ ಕೂಡಲೇ ಪಾಲುದಾರಿಕೆಯೇ ವಿಸರ್ಜನೆಯಾಗುತ್ತದೆ. ‘ಯಾರಾದರೂ ತೀರಿಕೊಂಡರೆ ಉಳಿದವರು ವ್ಯಾಪಾರ ಮುಂದುವರಿಸತಕ್ಕದ್ದು’ ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಮಾತ್ರ ಅಂಗಡಿ ಉಳಿಯುತ್ತದೆ.

ಈ ವ್ಯತ್ಯಾಸ ಹಣದಲ್ಲೇ ಕಾಣುತ್ತದೆ. ವಿಸರ್ಜನೆಯಾದರೆ ಆಸ್ತಿಯನ್ನೆಲ್ಲ ಮಾರಬೇಕು. ಬಂದದ್ದರಲ್ಲಿ ಮೊದಲು ಹೊರಗಿನವರ ಸಾಲ, ಆಮೇಲೆ ಪಾಲುದಾರರು ಬಂಡವಾಳಕ್ಕೆ ಮೀರಿ ಕೊಟ್ಟ ಕೈಸಾಲ, ಆಮೇಲೆ ಬಂಡವಾಳ, ಇಷ್ಟೆಲ್ಲ ತೀರಿ ಉಳಿದದ್ದು ಲಾಭದ ಅನುಪಾತದಲ್ಲಿ. 48ನೇ ಕಲಮು ಹೇಳುವ ಸರದಿ ಇದು. ಅಂಗಡಿ ಮುಂದುವರಿಯುವುದಾದರೆ ಮಾರುವ ಪ್ರಶ್ನೆ ಇಲ್ಲ. ತೀರಿಕೊಂಡವರ ಪಾಲಿನ ಬೆಲೆ ಕಟ್ಟಿ, ಆ ಹಣವನ್ನು ಉಳಿದವರು ಕೊಡಬೇಕು.

ಇಬ್ಬರೇ ಪಾಲುದಾರರಿದ್ದ ಅಂಗಡಿಯಲ್ಲಿ ಈ ಸಾಲು ಕೆಲಸಕ್ಕೆ ಬರುವುದಿಲ್ಲ. ಒಬ್ಬರೇ ಉಳಿದರೆ ಪಾಲುದಾರಿಕೆ ಎಂಬುದೇ ಇರದು, ಹಾಗಾಗಿ ಪತ್ರ ಏನೇ ಹೇಳಲಿ, ಅದು ವಿಸರ್ಜನೆಯಾದ ಹಾಗೆಯೇ ಎಂದು ಸುಪ್ರೀಂ ಕೋರ್ಟು ಹೇಳಿದೆ. ಅಣ್ಣ ತಮ್ಮ ಇಬ್ಬರೇ ನಡೆಸುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಲ್ಲಿ ಒಬ್ಬರು ಹೋದರೆ ಉಳಿದವರ ವ್ಯಾಪಾರ ಒಂಟಿ ಮಾಲೀಕತ್ವವಾಗುತ್ತದೆ. ಅಂಗಡಿಯ ಪ್ಯಾನ್ ಬಿಟ್ಟು ಆ ಮಾಲೀಕರ ಸ್ವಂತ ಪ್ಯಾನ್ ಮೇಲೆ ಹೊಸ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಹಳೆಯ ಜಿಎಸ್‌ಟಿ ನಂಬರಿನಲ್ಲೇ ಬಿಲ್ಲು ಹಾಕುತ್ತಾ ಹೋದವರು ಆಮೇಲೆ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ನಮ್ಮ ಉದಾಹರಣೆಯಲ್ಲಿ ಇರುವುದು ಮೂವರು, ಮುಂದುವರಿಸುವ ಸಾಲೂ ಪತ್ರದಲ್ಲಿದೆ. ಅಂಗಡಿ ಉಳಿಯಿತು.

ಎರಡನೇ ಹೆಜ್ಜೆ: ಆ ದಿನಕ್ಕೆ ಗೆರೆ ಎಳೆಯುವುದು

ತೀರಿಕೊಂಡವರ ಪಾಲು ಎಷ್ಟು ಎಂಬುದು ಸಾವಿನ ದಿನಕ್ಕೆ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಕೊಬ್ಬರಿ ಧಾರಣೆ ಏರಿತು ಎಂದು ಮನೆಯವರು ಹೆಚ್ಚು ಕೇಳುವಂತಿಲ್ಲ, ಇಳಿಯಿತು ಎಂದು ಅಂಗಡಿಯವರು ಕಡಿಮೆ ಕೊಡುವಂತಿಲ್ಲ. ಆದ್ದರಿಂದ ಆ ದಿನದ ಚಿತ್ರ ಕಣ್ಣಿಗೆ ಕಾಣುವ ಹಾಗೆ ಉಳಿಯಬೇಕು. ಸಾವಿನ ಮನೆಯಲ್ಲಿ ಲೆಕ್ಕದ ಮಾತೆತ್ತಲು ಯಾರಿಗೂ ಬಾಯಿ ಬರುವುದಿಲ್ಲ, ಅದು ಸಹಜ. ಆದರೆ ಹನ್ನೊಂದನೇ ದಿನದ ಕಾರ್ಯ ಮುಗಿಯುವ ಹೊತ್ತಿಗೆ ಗೋದಾಮಿನ ಮಾಲು ಲಾರಿ ಹತ್ತಿ ಹೋಗಿರುತ್ತದೆ. ಅಂಗಡಿಯವರೇ ಮುಂದಾಗಿ, ಮೂರನೆಯವರೊಬ್ಬರನ್ನು ನಿಲ್ಲಿಸಿಕೊಂಡು ಚೀಲ ಎಣಿಸಿ, ತೂಕ ಹಾಕಿಸಿ, ಬ್ಯಾಂಕ್ ಸ್ಟೇಟ್‌ಮೆಂಟು ತೆಗೆದು, ಯಾರಿಂದ ಎಷ್ಟು ಬರಬೇಕು ಎಂಬ ಪಟ್ಟಿ ಬರೆದು ಸಹಿ ಹಾಕಿಟ್ಟರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕೊಬ್ಬರಿಗೆ ತೂಕ ಹಾಕಿಸಲೇಬೇಕು. ಇಟ್ಟಲ್ಲೇ ಒಣಗಿ ತೂಕ ಇಳಿಯುವ ಸರಕು ಅದು. ನಮ್ಮ ಅಂಗಡಿಯ ಪುಸ್ತಕದಲ್ಲಿ 103 ಕ್ವಿಂಟಲ್ ಇತ್ತು, ತಕ್ಕಡಿಗೆ ಬಂದದ್ದು 100. ಕಡಿಮೆಯಾದ ಮೂರು ಕ್ವಿಂಟಲನ್ನು ಆ ಅರ್ಧ ವರ್ಷದ ನಷ್ಟಕ್ಕೆ ಹಾಕಿಕೊಂಡು, ಮುಂದಿನ ಲೆಕ್ಕವನ್ನೆಲ್ಲ 100 ಕ್ವಿಂಟಲಿನ ಮೇಲೆ ಮಾಡಿದರು.

ಇದೇ ವಾರ ಬ್ಯಾಂಕಿಗೂ ಬರಹದಲ್ಲಿ ತಿಳಿಸಬೇಕು. ಮಿತಿಯೊಳಗೆ ಬೇಕಾದಾಗ ಸಾಲ ತೆಗೆದು ಕಟ್ಟುವ ಓಡಿ ಅಥವಾ ಸಿಸಿ ಖಾತೆ ಇದ್ದರೆ ಬ್ಯಾಂಕಿನವರು ಅದನ್ನು ಅಲ್ಲಿಗೇ ನಿಲ್ಲಿಸಿ ಹೊಸ ಖಾತೆ ತೆರೆಯಲು ಹೇಳುತ್ತಾರೆ. ಅದನ್ನು ಕಿರುಕುಳ ಎಂದು ಭಾವಿಸಬೇಡಿ. ಹಳೆಯ ಖಾತೆ ಓಡುತ್ತಲೇ ಇದ್ದರೆ, ಅದಕ್ಕೆ ಜಮಾ ಆಗುವ ಪ್ರತಿ ರೂಪಾಯಿಯೂ ಮೊದಲು ಹಳೆಯ ಸಾಲವನ್ನು ತೀರಿಸುತ್ತದೆ, ಹೊಸದಾಗಿ ತೆಗೆದದ್ದು ಹೊಸ ಸಾಲವಾಗುತ್ತದೆ. ಆಗ ತೀರಿಕೊಂಡವರ ಹೊಣೆ ಕರಗುತ್ತಾ ಹೋಗುತ್ತದೆ. ಬ್ಯಾಂಕು ಆ ಹೊಣೆಯನ್ನು ಆ ದಿನದ ಮೊತ್ತಕ್ಕೆ ಹಿಡಿದಿಟ್ಟುಕೊಳ್ಳಲು ಹಾಗೆ ಮಾಡುತ್ತದೆ. ಸಾವಿನ ನಂತರ ಅಂಗಡಿ ಮಾಡುವ ಹೊಸ ಸಾಲಕ್ಕೆ ಅವರ ಆಸ್ತಿ ಹೊಣೆಯಲ್ಲ ಎಂದು 35ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ದಿನದವರೆಗಿನ ಸಾಲಕ್ಕೆ ಮಾತ್ರ ಹೊಣೆ ಉಳಿದೇ ಇರುತ್ತದೆ.

ಮೂರನೇ ಹೆಜ್ಜೆ: ಆಸ್ತಿಗೆ ಇವತ್ತಿನ ಬೆಲೆ

ಬ್ಯಾಲೆನ್ಸ್ ಶೀಟಿನ ಹನ್ನೆರಡು ಲಕ್ಷ ತಪ್ಪಾಗುವುದು ಇಲ್ಲಿಂದ. ಪುಸ್ತಕದಲ್ಲಿ ಆಸ್ತಿಗಳು ಕೊಂಡ ಬೆಲೆಯಲ್ಲಿ, ಸವಕಳಿ ಕಳೆದುಕೊಂಡು ಕೂತಿರುತ್ತವೆ. ಪಾಲು ಬಿಟ್ಟು ಹೋಗುವವರಿಗೆ ಸಲ್ಲಬೇಕಾದದ್ದು ಆ ದಿನದ ನಿಜವಾದ ಬೆಲೆಯಲ್ಲಿ. ಇದಕ್ಕೆ ಪುನರ್ಮೌಲ್ಯೀಕರಣ ಖಾತೆ ಎಂದು ಒಂದನ್ನು ತೆರೆದು, ಹೆಚ್ಚಾದದ್ದನ್ನು ಒಂದು ಕಡೆ, ಕಡಿಮೆಯಾದದ್ದನ್ನು ಇನ್ನೊಂದು ಕಡೆ ಬರೆದು, ಉಳಿದದ್ದನ್ನು ಮೂವರಿಗೂ ಹಳೆಯ ಅನುಪಾತದಲ್ಲೇ ಹಂಚುತ್ತೇವೆ.

ಗೋದಾಮಿನ ವಿಚಾರವೇ ದೊಡ್ಡದು. ಪುಸ್ತಕದಲ್ಲಿ 9 ಲಕ್ಷ, ಮೌಲ್ಯಮಾಪಕರು ಕಟ್ಟಿದ್ದು 21 ಲಕ್ಷ. ಹೆಚ್ಚಳ 12 ಲಕ್ಷ. ಇಲ್ಲಿ ಸಾಮಾನ್ಯವಾಗಿ ಏಳುವ ತಕರಾರು ಎಂದರೆ ‘ಗೋದಾಮು ನನ್ನ ಹೆಸರಿನಲ್ಲಿದೆ, ಅಂಗಡಿಯದಲ್ಲ’ ಎಂಬುದು. ಖಾತೆ ಯಾರ ಹೆಸರಿನಲ್ಲಿದೆ ಎಂಬುದೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಬೇರೆ ಉದ್ದೇಶ ಇತ್ತು ಎಂದು ಕಾಣದಿದ್ದರೆ, ಅಂಗಡಿಯ ಹಣದಿಂದ ಕೊಂಡದ್ದು ಅಂಗಡಿಗಾಗಿ ಕೊಂಡದ್ದೇ ಎಂದು 14ನೇ ಕಲಮು ಹೇಳುತ್ತದೆ. ಕ್ರಯದ ಹಣ ಯಾವ ಖಾತೆಯಿಂದ ಹೋಯಿತು, ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಎಂದು ತೋರಿಸಿ ಸವಕಳಿ ಪಡೆದಿದ್ದಾರೆಯೇ ಎಂದು ನೋಡಿ. ಅದೇ ಜಾಗಕ್ಕೆ ಅಂಗಡಿಯಿಂದ ಬಾಡಿಗೆ ಪಡೆಯುತ್ತಿದ್ದರೆ ಅದು ಅವರ ಸ್ವಂತದ್ದು ಎನ್ನಲು ಅದೇ ದೊಡ್ಡ ಸಾಕ್ಷಿ. ನಮ್ಮ ಉದಾಹರಣೆಯಲ್ಲಿ ಗೋದಾಮು ಅಂಗಡಿಯದೇ.

ಕೊಬ್ಬರಿ 100 ಕ್ವಿಂಟಲ್, ಕೊಂಡದ್ದು ಕ್ವಿಂಟಲಿಗೆ 12,000 ರೂಪಾಯಿಗೆ. ಆ ದಿನ ಯಾರ್ಡಿನ ಧಾರಣೆ 17,000 ಎಂದಿಟ್ಟುಕೊಳ್ಳಿ. ಹಮಾಲಿ, ಚೀಲ, ಸಾಗಣೆ ಎಂದು 500 ಕಳೆದು 16,500 ಹಿಡಿದರು. ಹೆಚ್ಚಳ 4.5 ಲಕ್ಷ. ಧಾರಣೆಗೆ ಎಪಿಎಂಸಿಯ ಅವತ್ತಿನ ದರಪಟ್ಟಿಯನ್ನು ತೆಗೆದು ಲೆಕ್ಕದ ಜೊತೆ ಲಗತ್ತಿಸಿಡಬೇಕು. ಪಟ್ಟಿಯಲ್ಲಿ ಗರಿಷ್ಠ, ಕನಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ, ಮಾದರಿ ಎಂದರೆ ಅವತ್ತು ಹೆಚ್ಚಿನ ಮಾಲು ಮಾರಾಟವಾದ ದರ. ಕೊಡುವವರು ಕನಿಷ್ಠ ಹಿಡಿಯುತ್ತಾರೆ, ಪಡೆಯುವವರು ಗರಿಷ್ಠ ಹಿಡಿಯುತ್ತಾರೆ. ಮಾದರಿ ದರವನ್ನೇ ಹಿಡಿಯುವುದು ನ್ಯಾಯ, ಮಾಲು ಅದಕ್ಕಿಂತ ಮೇಲಿನದು ಅಥವಾ ಕೆಳಗಿನದು ಎಂದು ಎಣಿಸಿದ ದಿನವೇ ಬರೆದಿಟ್ಟಿರದಿದ್ದರೆ.

ಇನ್ನು ಬರಬೇಕಾದ ಬಾಕಿ. ಉತ್ತರದ ಪಾರ್ಟಿಗಳಿಂದ 22 ಲಕ್ಷ ಬರಬೇಕಿತ್ತು, ಅದರಲ್ಲಿ ಎರಡೂವರೆ ಲಕ್ಷ ಎರಡು ವರ್ಷದಿಂದ ಅಲುಗಾಡಿಲ್ಲ. ಅದನ್ನು ನಷ್ಟವೆಂದೇ ಹಿಡಿದರು. ಹೀಗೆ ಮಾಡುವಾಗ ಒಂದು ಮಾತು ಬರೆದುಕೊಳ್ಳಿ: ‘ಮುಂದೆ ಈ ಬಾಕಿ ವಸೂಲಾದರೆ ಅದರಲ್ಲಿ ಶೇ. 30 ವಾರಸುದಾರರಿಗೆ.’ ಇಲ್ಲದಿದ್ದರೆ ನಾಳೆ ಆ ಹಣ ಬಂದಾಗ ಪೂರ್ತಿ ಉಳಿದವರದ್ದಾಗುತ್ತದೆ.

ಒಟ್ಟು ಹೆಚ್ಚಳ 12 ಮತ್ತು 4.5, ಅಂದರೆ 16.5 ಲಕ್ಷ. ಎರಡೂವರೆ ಕಳೆದರೆ 14 ಲಕ್ಷ. ನಡುವಿನವರ ಶೇ. 30 ಎಂದರೆ 4.2 ಲಕ್ಷ. ಇದರ ಜೊತೆ ಹಿಂದಿನ ವರ್ಷಗಳಲ್ಲಿ ಹಂಚದೆ ಉಳಿಸಿದ್ದ ಮೀಸಲು ನಿಧಿ 6 ಲಕ್ಷವಿತ್ತು. ಅದು ಮೂವರೂ ದುಡಿದ ಲಾಭವೇ, ಹಾಗಾಗಿ ಅದರಲ್ಲೂ 1.8 ಲಕ್ಷ ಇವರದು. ಬಂಡವಾಳದ ಸಾಲಿನಲ್ಲಿ ಕಾಣದ ಈ ಮೀಸಲನ್ನು ಮರೆತ ಲೆಕ್ಕಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ನಾಲ್ಕನೇ ಹೆಜ್ಜೆ: ಗುಡ್‌ವಿಲ್

ಅಂಗಡಿಯ ಹೆಸರಿಗೆ ಒಂದು ಬೆಲೆ ಇದೆ. ತಿಪಟೂರಿನಲ್ಲಿ ಕೂತು ದೆಹಲಿಯ ವ್ಯಾಪಾರಿಗೆ ಫೋನು ಮಾಡಿದರೆ ಮುಂಗಡ ಬರುತ್ತದೆ, ಹಳ್ಳಿಯ ಬೆಳೆಗಾರ ಬೇರೆ ಅಂಗಡಿ ದಾಟಿ ಇಲ್ಲಿಗೇ ಚೀಲ ತರುತ್ತಾನೆ. ಅದನ್ನು ಕಟ್ಟಿದವರಲ್ಲಿ ತೀರಿಕೊಂಡವರೂ ಒಬ್ಬರು. ಪುಸ್ತಕದಲ್ಲಿ ಇದಕ್ಕೆ ಒಂದು ರೂಪಾಯಿಯೂ ಬರೆದಿರುವುದಿಲ್ಲ, ಯಾಕೆಂದರೆ ಹಣ ಕೊಟ್ಟು ಕೊಳ್ಳದ, ತಾನಾಗಿ ಬೆಳೆದ ಗುಡ್‌ವಿಲ್ ಅನ್ನು ಪುಸ್ತಕಕ್ಕೆ ತರಬಾರದು ಎಂಬುದು ಲೆಕ್ಕಶಾಸ್ತ್ರದ ನಿಯಮ. ಪುಸ್ತಕದಲ್ಲಿಲ್ಲ ಎಂದು ಅದು ಇಲ್ಲವೇ ಇಲ್ಲ ಎಂದು ವಾದಿಸುವುದು ಮಾತ್ರ ತಪ್ಪು.

ಎಷ್ಟು ಎಂಬುದನ್ನು ಪತ್ರವೇ ಹೇಳಿದ್ದರೆ ಒಳ್ಳೆಯದು. ನಮ್ಮ ಪತ್ರದಲ್ಲಿ ‘ಕಳೆದ ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು’ ಎಂದಿತ್ತು. ಮೂರು ವರ್ಷದ ಲಾಭ 8 ಲಕ್ಷ, 10 ಲಕ್ಷ, 15 ಲಕ್ಷ. ಕೊನೆಯ ವರ್ಷದ ಹದಿನೈದರಲ್ಲಿ ಮೂರು ಲಕ್ಷ ಹಳೆಯ ನಿವೇಶನ ಮಾರಿದ್ದರಿಂದ ಬಂದದ್ದು. ಪ್ರತಿವರ್ಷ ಬರುವ ಕೊಬ್ಬರಿಯ ಲಾಭವಲ್ಲದ ಅದನ್ನು ಕಳೆಯಬೇಕು. ಆಗ 8, 10, 12, ಸರಾಸರಿ 10 ಲಕ್ಷ. ಗುಡ್‌ವಿಲ್ 20 ಲಕ್ಷ, ನಡುವಿನವರ ಪಾಲು 6 ಲಕ್ಷ.

ಈ ಆರು ಲಕ್ಷವನ್ನು ಯಾರು ಭರಿಸಬೇಕು? ಇವರ ಶೇ. 30ರಷ್ಟು ಲಾಭದ ಹಕ್ಕು ಯಾರಿಗೆ ಸೇರಿತೋ ಅವರು, ಸೇರಿದಷ್ಟೇ ಪ್ರಮಾಣದಲ್ಲಿ. ಉಳಿದಿಬ್ಬರು ಮುಂದೆ ಶೇ. 60 ಮತ್ತು ಶೇ. 40 ಎಂದು ಒಪ್ಪಿದರು. ದೊಡ್ಡವರು 50ರಿಂದ 60ಕ್ಕೆ ಏರಿದರು, ಗಳಿಕೆ 10. ಚಿಕ್ಕವರು 20ರಿಂದ 40ಕ್ಕೆ ಏರಿದರು, ಗಳಿಕೆ 20. ಹಾಗಾಗಿ ದೊಡ್ಡವರ ಬಂಡವಾಳದಿಂದ 2 ಲಕ್ಷ, ಚಿಕ್ಕವರ ಬಂಡವಾಳದಿಂದ 4 ಲಕ್ಷ ತೆಗೆದು ತೀರಿಕೊಂಡವರ ಖಾತೆಗೆ ಜಮಾ ಮಾಡಬೇಕು. ಹಳೆಯ ಅನುಪಾತವಾದ 5ಕ್ಕೆ 2ರಲ್ಲಿ ಇದನ್ನು ಹಂಚುವುದು ಬಹಳ ಕಡೆ ಆಗುವ ತಪ್ಪು. ಹಾಗೆ ಮಾಡಿದರೆ ಕಡಿಮೆ ಗಳಿಸಿದ ದೊಡ್ಡವರು ನಾಲ್ಕು ಲಕ್ಷಕ್ಕೂ ಮೇಲೆ ಕೊಟ್ಟಂತಾಗುತ್ತಿತ್ತು.

ಐದನೇ ಹೆಜ್ಜೆ: ಏಪ್ರಿಲ್‌ನಿಂದ ಸಾವಿನ ದಿನದವರೆಗಿನ ಲಾಭ

ಇದಕ್ಕೆ ಎರಡು ದಾರಿ. ಕಳೆದ ವರ್ಷದ ಲಾಭವನ್ನು ಕಾಲದ ಲೆಕ್ಕದಲ್ಲಿ ಹಿಡಿಯುವುದು ಒಂದು. ಹದಿನೈದು ಲಕ್ಷದ ಅರ್ಧ ಏಳೂವರೆ, ಅದರ ಶೇ. 30 ಎಂದರೆ 2.25 ಲಕ್ಷ. ಸೆಪ್ಟೆಂಬರ್ 30ಕ್ಕೆ ಪುಸ್ತಕ ಮುಗಿಸಿ ನಿಜವಾದ ಲಾಭ ತೆಗೆಯುವುದು ಇನ್ನೊಂದು. ಕೊಬ್ಬರಿ ವ್ಯಾಪಾರಕ್ಕೆ ನಾನು ಎರಡನೆಯದನ್ನೇ ಒತ್ತಿ ಹೇಳುತ್ತೇನೆ, ಯಾಕೆಂದರೆ ರವಾನೆ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಉತ್ತರದಲ್ಲಿ ಹಬ್ಬಗಳ ಸಾಲು ಬರುವ ಮುಂಚೆ ಬೇಡಿಕೆ ಏರುತ್ತದೆ, ಆಮೇಲೆ ತಗ್ಗುತ್ತದೆ. ಜೊತೆಗೆ ಕಳೆದ ವರ್ಷದಲ್ಲಿ ಆ ನಿವೇಶನದ ಮೂರು ಲಕ್ಷವೂ ಸೇರಿದೆ. ಪತ್ರದಲ್ಲಿ ಯಾವ ದಾರಿ ಎಂದು ಬರೆದಿದ್ದರೆ ಅದೇ ಅಂತಿಮ. ನಮ್ಮ ಪತ್ರ ಮೌನವಾಗಿತ್ತು, ಹಾಗಾಗಿ ಪುಸ್ತಕ ಮುಗಿಸಿದರು. ಬಂಡವಾಳದ ಬಡ್ಡಿ ಕಳೆದು ಅರ್ಧ ವರ್ಷದ ಲಾಭ 6 ಲಕ್ಷ, ಇವರ ಪಾಲು 1.8 ಲಕ್ಷ.

ಈ ಹಂತದಲ್ಲಿ ಒಂದು ಬಲೆ ಇದೆ. ಪುಸ್ತಕ ಮುಗಿಸುವಾಗ ಉಳಿದ ಕೊಬ್ಬರಿಯನ್ನು ಕೊಂಡ ಬೆಲೆಗೇ, ಅಂದರೆ 12,000ಕ್ಕೇ ಹಿಡಿಯಬೇಕು. 16,500ಕ್ಕೆ ಹಿಡಿದರೆ ನಾಲ್ಕೂವರೆ ಲಕ್ಷದ ಹೆಚ್ಚಳ ಲಾಭದಲ್ಲಿ ಒಮ್ಮೆ, ಪುನರ್ಮೌಲ್ಯೀಕರಣದಲ್ಲಿ ಇನ್ನೊಮ್ಮೆ ಬರುತ್ತದೆ. ಮನೆಯವರಿಗೆ 1.35 ಲಕ್ಷ ಹೆಚ್ಚು ಹೋಗುತ್ತದೆ. ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಕೊಬ್ಬರಿಯ ಸಾಲನ್ನು ಮಾತ್ರ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ.

ಬಂಡವಾಳಕ್ಕೆ ವರ್ಷಕ್ಕೆ ಶೇ. 12 ಬಡ್ಡಿ ಎಂದು ಪತ್ರದಲ್ಲಿತ್ತು. ಹನ್ನೆರಡು ಲಕ್ಷಕ್ಕೆ ಆರು ತಿಂಗಳಿಗೆ 72,000. ಪತ್ರದಲ್ಲಿ ಬರೆದಿರದಿದ್ದರೆ ಬಂಡವಾಳಕ್ಕೆ ಬಡ್ಡಿ ಕೇಳುವ ಹಕ್ಕು ಕಾನೂನಿನಲ್ಲಿಲ್ಲ.

ಎಲ್ಲ ಕೂಡಿಸಿದರೆ

| ವಿವರ | ರೂಪಾಯಿ |
|---|---|
| ಮಾರ್ಚ್ 31ರ ಬಂಡವಾಳ | 12,00,000 |
| ಮೀಸಲು ನಿಧಿಯಲ್ಲಿ ಪಾಲು | 1,80,000 |
| ಪುನರ್ಮೌಲ್ಯೀಕರಣದ ಪಾಲು | 4,20,000 |
| ಗುಡ್‌ವಿಲ್ ಪಾಲು | 6,00,000 |
| ಆರು ತಿಂಗಳ ಲಾಭ | 1,80,000 |
| ಬಂಡವಾಳದ ಬಡ್ಡಿ | 72,000 |
| ಒಟ್ಟು | 26,52,000 |
| ಕಳೆ: ಮನೆಖರ್ಚಿಗೆ ತೆಗೆದದ್ದು, ತಿಂಗಳಿಗೆ 15,000 | 90,000 |
| ಕಳೆ: ಮಗಳ ಬಾಣಂತನಕ್ಕೆ ಪಡೆದ ಕೈಸಾಲ | 62,000 |
| ಸಲ್ಲಬೇಕಾದದ್ದು | 25,00,000 |

ಹನ್ನೆರಡು ಲಕ್ಷ ಎಂದು ಬಂದವರಿಗೆ ಸಲ್ಲಬೇಕಾದದ್ದು ಇಪ್ಪತ್ತೈದು ಲಕ್ಷ. ಈ ಮೊತ್ತವನ್ನು ತೀರಿಕೊಂಡವರ ಬಂಡವಾಳ ಖಾತೆಯಿಂದ ತೆಗೆದು ‘ವಾರಸುದಾರರ ಸಾಲ ಖಾತೆ’ ಎಂದು ಹೊಸದಾಗಿ ಬರೆಯಬೇಕು. ಅವತ್ತಿನಿಂದ ಆ ಕುಟುಂಬ ಅಂಗಡಿಗೆ ಸಾಲ ಕೊಟ್ಟವರ ಸ್ಥಾನದಲ್ಲಿರುತ್ತದೆ.

ಆರನೇ ಹೆಜ್ಜೆ: ಯಾರ ಕೈಗೆ

ಅಂಗಡಿಯವರು ಹೆಂಡತಿಯ ಹೆಸರಿಗೆ ಒಂದೇ ಚೆಕ್ಕು ಬರೆಯಲು ಸಿದ್ಧರಿದ್ದರು. ಮಾನವೀಯವಾಗಿ ಅದು ಸರಿ ಎನಿಸುತ್ತದೆ, ಆದರೆ ಹಾಗೆ ಮಾಡಬೇಡಿ. ಹಿಂದೂ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಹೆಂಡತಿ, ಮಗ, ಮಗಳು ಎಲ್ಲರಿಗೂ ಸಮಪಾಲು. ಇಲ್ಲಿ ನಾಲ್ವರು, ತಲಾ 6.25 ಲಕ್ಷ. ಕೈಬಿಟ್ಟು ಹೋಗುವುದು ಯಾವಾಗಲೂ ಇಬ್ಬರೇ, ವಯಸ್ಸಾದ ತಾಯಿ ಮತ್ತು ಮದುವೆಯಾಗಿ ಹೋದ ಮಗಳು. ಮದುವೆ ಮಾಡಿಕೊಟ್ಟಿದ್ದೇವೆ ಎಂಬುದು ಹಕ್ಕನ್ನು ಕಳೆಯುವುದಿಲ್ಲ. ಇವರಲ್ಲಿ ಯಾರೇ ಒಬ್ಬರು ನಾಳೆ ಬಂದು ಕೇಳಿದರೆ ಅಂಗಡಿ ಎರಡನೇ ಸಲ ಕೊಡಬೇಕಾಗಬಹುದು.

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಎಲ್ಲರ ಗುರುತಿನ ಚೀಟಿ ತೆಗೆದುಕೊಳ್ಳಿ. ಮನೆಯವರೆಲ್ಲ ಒಂದೇ ಮನಸ್ಸಿನಲ್ಲಿದ್ದರೆ ಹದಿನಾರರ ಮಗನ ಪರವಾಗಿ ಅವನ ತಾಯಿ ಸಹಿ ಹಾಕಿ, ನಾಲ್ವರ ಹೆಸರಿನಲ್ಲೂ ಬರೆದುಕೊಟ್ಟ ಒಪ್ಪಿಗೆ ಪತ್ರ, ಮುಂದೆ ಬೇರೆ ಯಾರಾದರೂ ಹಕ್ಕು ಕೇಳಿದರೆ ತಾವೇ ಹೊಣೆ ಎಂಬ ಮುಚ್ಚಳಿಕೆ ಇದ್ದರೆ ವ್ಯವಹಾರ ಸಾಗುತ್ತದೆ. ಸಣ್ಣ ಅನುಮಾನವಿದ್ದರೂ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಲು ಹೇಳಿ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ, ಶುಲ್ಕವೂ ಇದೆ. ಆದರೆ ಅದನ್ನು ನಂಬಿ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ. ವಂಶವೃಕ್ಷಕ್ಕೆ ಅಷ್ಟು ಬಲವಿಲ್ಲ.

ಹದಿನಾರರ ಮಗನ ಪಾಲನ್ನು ಅವನ ಹೆಸರಿನ ಬ್ಯಾಂಕ್ ಠೇವಣಿಗೇ ನೇರವಾಗಿ ಹಾಕುವುದು ಒಳ್ಳೆಯದು. ತಂದೆಯ ಜಾಗದಲ್ಲಿ ಅವನನ್ನೇ ಪಾಲುದಾರನನ್ನಾಗಿ ಸೇರಿಸಿಕೊಳ್ಳೋಣ ಎಂದು ದೊಡ್ಡವರು ಪ್ರೀತಿಯಿಂದಲೇ ಹೇಳಿದರು. ಹದಿನೆಂಟು ತುಂಬದವರು ಪಾಲುದಾರರಾಗಲು ಬರುವುದಿಲ್ಲ. ಎಲ್ಲರೂ ಒಪ್ಪಿದರೆ ಲಾಭದಲ್ಲಿ ಪಾಲು ಕೊಡಬಹುದು ಅಷ್ಟೇ. ಆಗಲೂ ಅವನ ಹೊಣೆ ಅಂಗಡಿಯಲ್ಲಿರುವ ಅವನ ಪಾಲಿಗೆ ಮಾತ್ರ ಸೀಮಿತ.

ಏಳನೇ ಹೆಜ್ಜೆ: ಹೇಗೆ ಕೊಡುವುದು, ಕೊಡದಿದ್ದರೆ ಏನು

ಇಪ್ಪತ್ತೈದು ಲಕ್ಷ ನಗದಾಗಿ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಅದು ಗೋದಾಮಿನ ಗೋಡೆಯಲ್ಲಿದೆ, ದೆಹಲಿಯ ಬಾಕಿಯಲ್ಲಿದೆ. ಒಂದೇ ಸಲ ಕೇಳಿದರೆ ಅಂಗಡಿಯೇ ಮುಳುಗಬಹುದು, ಆಗ ಯಾರಿಗೂ ಸಿಗುವುದಿಲ್ಲ. ಕಂತು ಕಟ್ಟಿಕೊಳ್ಳುವುದೇ ಇಬ್ಬರಿಗೂ ಕ್ಷೇಮ. ನಮ್ಮ ಉದಾಹರಣೆಯಲ್ಲಿ ಮೊದಲೇ 5 ಲಕ್ಷ, ಉಳಿದ 20 ಲಕ್ಷಕ್ಕೆ ವರ್ಷಕ್ಕೆ ಐದರಂತೆ ನಾಲ್ಕು ಕಂತು, ಬಾಕಿಯ ಮೇಲೆ ಶೇ. 9 ಬಡ್ಡಿ. ಮೊದಲ ಕಂತಿನ ಜೊತೆ ಬಡ್ಡಿ 1.80 ಲಕ್ಷ, ಎರಡನೆಯದಕ್ಕೆ 1.35 ಲಕ್ಷ, ಆಮೇಲೆ 90,000, ಕೊನೆಗೆ 45,000. ಮನೆಯವರು ಕೇಳಿ ಬರೆಸಿಕೊಳ್ಳಬೇಕಾದ ಸಾಲು ಇನ್ನೊಂದಿದೆ: ಒಂದು ಕಂತು ತಪ್ಪಿದರೆ ಉಳಿದ ಪೂರ್ತಿ ಬಾಕಿ ಕೂಡಲೇ ಸಲ್ಲಬೇಕು.

ಕಂತಿನ ಒಪ್ಪಂದವೂ ಇಲ್ಲ, ಹಣವೂ ಕೊಡಲಿಲ್ಲ, ‘ನೋಡೋಣ ನೋಡೋಣ’ ಎನ್ನುತ್ತಾ ಆ ಹಣದಲ್ಲೇ ವ್ಯಾಪಾರ ನಡೆಸುತ್ತಿದ್ದಾರೆ ಎಂದುಕೊಳ್ಳಿ. ಆಗ 37ನೇ ಕಲಮು ವಾರಸುದಾರರಿಗೆ ಆಯ್ಕೆ ಕೊಡುತ್ತದೆ. ತಮ್ಮ ಪಾಲಿನ ಹಣ ದುಡಿದ ಲಾಭವನ್ನಾದರೂ ಕೇಳಬಹುದು, ವರ್ಷಕ್ಕೆ ಶೇ. 6 ಬಡ್ಡಿಯನ್ನಾದರೂ ಕೇಳಬಹುದು. ಯಾವುದು ಎಂದು ಆರಿಸುವ ಹಕ್ಕು ವಾರಸುದಾರರದು, ಅಂಗಡಿಯವರದಲ್ಲ.

ಹೋಲಿಸಿ ನೋಡಿ. ಮೇಲಿನ ಹಂಚಿಕೆಗಳೆಲ್ಲ ಮುಗಿದ ಮೇಲೆ ಉಳಿದಿಬ್ಬರ ಬಂಡವಾಳ 37.5 ಲಕ್ಷ ಎಂದಿಟ್ಟುಕೊಳ್ಳಿ, ಇವರ ಬಾಕಿ 25 ಲಕ್ಷ, ದುಡಿದ ಒಟ್ಟು ಹಣ 62.5 ಲಕ್ಷ. ಇವರದು ಶೇ. 40. ಮುಂದಿನ ವರ್ಷದ ಲಾಭ 10 ಲಕ್ಷ. ಅದು ಹಣದಿಂದ ಮಾತ್ರ ಬಂದದ್ದಲ್ಲ, ಇಬ್ಬರ ಓಡಾಟದಿಂದಲೂ ಬಂದದ್ದು. ಅವರ ದುಡಿಮೆಗೆ 4 ಲಕ್ಷ ತೆಗೆದಿಟ್ಟರೆ 6 ಲಕ್ಷ ಉಳಿಯಿತು. ಅದರ ಶೇ. 40 ಎಂದರೆ 2.4 ಲಕ್ಷ. ಬಡ್ಡಿ ಲೆಕ್ಕದಲ್ಲಿ ಸಿಗುತ್ತಿದ್ದದ್ದು 1.5 ಲಕ್ಷ. ಆ ವರ್ಷ ಲಾಭವನ್ನೇ ಕೇಳಬೇಕು. ಧಾರಣೆ ಬಿದ್ದು ಅಂಗಡಿ ನಷ್ಟಕ್ಕೆ ಇಳಿದಿದ್ದರೆ ಬಡ್ಡಿ ಆರಿಸಬೇಕು. ಪತ್ರದಲ್ಲಿ ಬೇರೆ ಏನಾದರೂ ಬರೆದುಕೊಂಡಿದ್ದರೆ ಈ ಆಯ್ಕೆ ಇರುವುದಿಲ್ಲ. ಹಾಗೆಯೇ, ಪಾಲನ್ನು ಉಳಿದವರೇ ಕೊಳ್ಳಬಹುದು ಎಂದು ಪತ್ರದಲ್ಲಿದ್ದು, ಅವರು ಅದರ ಷರತ್ತುಗಳ ಪ್ರಕಾರ ಕೊಂಡಿದ್ದರೆ ಆಮೇಲಿನ ಲಾಭದಲ್ಲಿ ವಾರಸುದಾರರಿಗೆ ಪಾಲಿಲ್ಲ.

ಕಾಯುವುದಕ್ಕೆ ಮಿತಿ ಇದೆ. ಅಂಗಡಿ ವಿಸರ್ಜನೆಯಾಗಿದ್ದರೆ ಲೆಕ್ಕ ಮತ್ತು ಪಾಲು ಕೇಳಿ ದಾವೆ ಹೂಡಲು ವಿಸರ್ಜನೆಯ ದಿನದಿಂದ ಮೂರು ವರ್ಷ ಮಾತ್ರ. ಗಂಡ ಹೋದ ದುಃಖದಲ್ಲಿ, ‘ಅವರೇ ಕರೆದು ಕೊಡುತ್ತಾರೆ’ ಎಂಬ ನಂಬಿಕೆಯಲ್ಲಿ ಮೂರು ವರ್ಷ ಕಳೆದುಕೊಂಡ ಹೆಣ್ಣುಮಗಳೊಬ್ಬರು ನನ್ನ ಮೇಜಿನ ಮುಂದೆ ಕೂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರ ಪರವಾಗಿ ಮಾಡಬಹುದಾದದ್ದು ಆಗ ಬಹಳ ಕಡಿಮೆ ಉಳಿದಿತ್ತು. ಸಂಬಂಧ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ‘ಇಷ್ಟು ಬಾಕಿ ಕೊಡಬೇಕಾಗಿದೆ’ ಎಂದು ಅಂಗಡಿಯ ಸಹಿ ಇರುವ ಒಂದು ಪತ್ರ ಪಡೆದುಕೊಳ್ಳಿ. ನಿಗದಿಯಾದ ಸಾಲಕ್ಕೆ, ಅವಧಿ ಮುಗಿಯುವ ಮೊದಲು ಪಡೆದ ಅಂಥ ಪತ್ರದಿಂದ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ.

ನಿವೃತ್ತಿಯಾದರೆ ಬದಲಾಗುವುದೇನು

ಪಾಲುದಾರ ಬದುಕಿದ್ದು ತಾನಾಗಿ ಹೊರಗೆ ಬಂದರೂ ಮೂರರಿಂದ ಐದನೇ ಹೆಜ್ಜೆಯವರೆಗಿನ ಲೆಕ್ಕ ಇದೇ. ವ್ಯತ್ಯಾಸ ಇರುವುದು ಹೊಣೆಯಲ್ಲಿ. ಸಾವಿನ ನಂತರದ ವ್ಯವಹಾರಕ್ಕೆ ಸತ್ತವರ ಆಸ್ತಿ ಹೊಣೆಯಾಗದಿರಲು ಯಾವ ಪ್ರಕಟಣೆಯೂ ಬೇಕಿಲ್ಲ. ನಿವೃತ್ತರಾದವರ ಹೊಣೆ ಸಾರ್ವಜನಿಕ ಪ್ರಕಟಣೆ ಕೊಡುವ ತನಕ ಹೊರಗಿನವರಿಗೆ ಮುಂದುವರಿಯುತ್ತಲೇ ಇರುತ್ತದೆ. ಅಂಗಡಿ ನೋಂದಣಿಯಾಗಿದ್ದರೆ ಪ್ರಕಟಣೆ ಎಂದರೆ ಮೂರು ಕಡೆ: ಸಂಸ್ಥೆಗಳ ನೋಂದಣಾಧಿಕಾರಿಗೆ ಸೂಚನೆ, ರಾಜ್ಯಪತ್ರ, ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆ. ಪತ್ರಿಕೆಯಲ್ಲಿ ಮಾತ್ರ ಹಾಕಿಸಿ ಸುಮ್ಮನಾಗುವವರೇ ಹೆಚ್ಚು.

ಜಿಎಸ್‌ಟಿ ಇಲಾಖೆಗೂ ನಿವೃತ್ತಿಯಾದ ಒಂದು ತಿಂಗಳೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಆ ಪತ್ರ ತಲುಪುವ ದಿನದವರೆಗಿನ ತೆರಿಗೆಗೆ ಹೊರಗೆ ಬಂದವರೂ ಹೊಣೆ. ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನು ಇನ್ನೂ ಗಟ್ಟಿ ವಿಷಯ. ಪಾಲುದಾರರೆಲ್ಲ ಸೇರಿ ‘ಇವರಿಗೆ ಇನ್ನು ಹೊಣೆಯಿಲ್ಲ’ ಎಂದು ಬರೆದುಕೊಂಡರೂ ಬ್ಯಾಂಕನ್ನು ಅದು ಕಟ್ಟಿಹಾಕುವುದಿಲ್ಲ. ಬ್ಯಾಂಕೇ ಬಿಡುಗಡೆ ಪತ್ರ ಕೊಡಬೇಕು. ಅದು ಕೈಗೆ ಬರುವ ತನಕ ನಿವೃತ್ತಿ ಪತ್ರಕ್ಕೆ ಸಹಿ ಹಾಕಬೇಡಿ ಎಂದೇ ನಾನು ಹೇಳುವುದು.

ಆದಾಯ ತೆರಿಗೆಯ ಒಂದು ಸುಳಿ ಕೂಡ ಇದೆ. 2021ರ ತಿದ್ದುಪಡಿಯ ನಂತರ, ಹೊರಹೋಗುವ ಪಾಲುದಾರ ತನ್ನ ಬಂಡವಾಳ ಖಾತೆಯ ಬಾಕಿಗಿಂತ ಹೆಚ್ಚು ಪಡೆದರೆ ಆ ಹೆಚ್ಚಿನದಕ್ಕೆ ಅಂಗಡಿ ತೆರಿಗೆ ಕಟ್ಟಬೇಕಾಗುತ್ತದೆ. ಆ ಬಾಕಿ ಎಣಿಸುವಾಗ ಪುನರ್ಮೌಲ್ಯೀಕರಣದಿಂದ, ತಾನಾಗಿ ಬೆಳೆದ ಗುಡ್‌ವಿಲ್‌ನಿಂದ ಏರಿದ್ದನ್ನು ಸೇರಿಸುವಂತಿಲ್ಲ. ನಮ್ಮ ಉದಾಹರಣೆಯ ಪಾಲುದಾರರು ನಿವೃತ್ತರಾಗಿದ್ದರೆ 4.2 ಮತ್ತು 6, ಒಟ್ಟು 10.2 ಲಕ್ಷ ಈ ಪ್ರಶ್ನೆಗೆ ಸಿಗುತ್ತಿತ್ತು. ಹಾಗಾಗಿ ಅಂತಿಮ ಮೊತ್ತ ಒಪ್ಪಿಕೊಳ್ಳುವ ಮೊದಲೇ ಲೆಕ್ಕಪರಿಶೋಧಕರ ಮುಂದೆ ಕೂರಬೇಕು.

ಕೊನೆಯ ಕಾಗದ

ಇತ್ಯರ್ಥ ಪತ್ರದಲ್ಲಿ ಮೊತ್ತ ಮಾತ್ರ ಬರೆದರೆ ಸಾಲದು, ಮೇಲಿನ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿ ಎಲ್ಲರೂ ಪ್ರತಿ ಹಾಳೆಗೂ ಸಹಿ ಹಾಕಬೇಕು. ಸಾವಿಗೆ ಮುಂಚಿನ ವರ್ಷಗಳಿಗೆ ನಾಳೆ ತೆರಿಗೆ ನೋಟೀಸು ಬಂದರೆ ಹೇಗೆ ಎಂಬುದನ್ನು ಅದರಲ್ಲೇ ಬರೆಯಿರಿ. ನಮ್ಮ ಉದಾಹರಣೆಯ ಇತ್ಯರ್ಥ ಪತ್ರದಲ್ಲಿ ಹೀಗೆ ಬರೆದರು: ಸೆಪ್ಟೆಂಬರ್ 30ರವರೆಗಿನ ಯಾವುದೇ ತೆರಿಗೆ ಬೇಡಿಕೆಯಲ್ಲಿ ಶೇ. 30 ವಾರಸುದಾರರದು, ಅದನ್ನು ಮುಂದಿನ ಕಂತಿನಿಂದ ಕಳೆಯಬಹುದು, ಆದರೆ ನೋಟೀಸಿನ ನಕಲು ಕೊಟ್ಟು ಹದಿನೈದು ದಿನ ಕಾಯದೆ ಕಳೆಯುವಂತಿಲ್ಲ. ತಾಯಿ ಹೆಬ್ಬೆಟ್ಟು ಒತ್ತಿದರು. ಒತ್ತುವ ಮುಂಚೆ ಮೊಮ್ಮಗ ಆ ಪತ್ರವನ್ನು ಮೊದಲಿಂದ ಕೊನೆಯವರೆಗೆ ಅಜ್ಜಿಗೆ ಓದಿ ಹೇಳಿದ ಎಂಬುದನ್ನೂ, ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿಯನ್ನೂ ಅದೇ ಹಾಳೆಯ ಕೆಳಗೆ ಬರೆಸಿದರು.